ಮೂರು ತಿಂಗಳ ನಂತರದ ಡಾಲರ್ ಪಾವತಿಗೆ ಇವತ್ತೇ ದರ ಕಟ್ಟಿಕೊಳ್ಳುವುದು: ಫಾರ್ವರ್ಡ್ ಒಪ್ಪಂದದ ಸಮಗ್ರ ಮಾರ್ಗದರ್ಶಿ

ಮುಂದಿನ ತಾರೀಕಿಗೆ ಬೇಕಾದ ಡಾಲರಿಗೆ ಬ್ಯಾಂಕಿನ ಜೊತೆ ಇವತ್ತೇ ದರ ಗೊತ್ತುಮಾಡಿಕೊಳ್ಳುವ ಒಪ್ಪಂದವೇ ಫಾರ್ವರ್ಡ್. ಅದನ್ನು ಬುಕ್ ಮಾಡಿದ ಆಮದುದಾರರಲ್ಲಿ ಹಲವರು ಕೊನೆಗೆ ನಷ್ಟ ಆಯಿತೆಂದು ದೂರುತ್ತಾರೆ. ವಿಚಾರಿಸಿ ನೋಡಿದರೆ ಸಾಮಾನ್ಯವಾಗಿ ತಪ್ಪಿರುವುದು ದರದಲ್ಲಲ್ಲ. ಮೊತ್ತ ತಪ್ಪಿರುತ್ತದೆ, ದಿನಾಂಕ ತಪ್ಪಿರುತ್ತದೆ, ಇಲ್ಲವೇ ಪಾವತಿಯ ದಿನ ಒಪ್ಪಂದದ ನಂಬರನ್ನೇ ಬ್ಯಾಂಕಿಗೆ ಹೇಳಿರುವುದಿಲ್ಲ. ಹಾಗಾಗಿ ಇಲ್ಲಿ ದರಕ್ಕಿಂತ ಹಂತಗಳ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್ ತೈವಾನಿನಿಂದ 80,000 ಡಾಲರ್ ಬೆಲೆಯ ಸಿಎನ್‌ಸಿ ಲೇತ್ ತರಿಸುತ್ತಿದೆ. ಆರ್ಡರ್ ಕೊಡುವಾಗ ಶೇ 10 ಮುಂಗಡ ಕೊಟ್ಟಾಗಿದೆ. ಉಳಿದದ್ದನ್ನು ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹಡಗಿಗೇರಿದ್ದಕ್ಕೆ ಕೊಡುವ ರಸೀದಿಯ, ದಿನಾಂಕದಿಂದ 90 ದಿನಕ್ಕೆ ಕೊಡಬೇಕು. ಬಿಲ್ ಆಫ್ ಲೇಡಿಂಗ್ 2026ರ ಜೂನ್ 8ರದ್ದು, ಫಾರ್ವರ್ಡ್ ಬುಕ್ ಮಾಡುವುದು ಜೂನ್ 10ಕ್ಕೆ. ಡಾಲರ್ ದರ 90 ರೂಪಾಯಿ ಎಂದು ಹಿಡಿದಿರುವುದು ಲೆಕ್ಕ ಸುಲಭವಾಗಲಿ ಎಂದಷ್ಟೇ. ನೀವು ಬುಕ್ ಮಾಡುವ ದಿನದ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಿ.

## ಹಂತ 1: ಮೊತ್ತ ಮತ್ತು ದಿನಾಂಕ ಗಟ್ಟಿ ಮಾಡಿಕೊಳ್ಳಿ

ಇನ್‌ವಾಯ್ಸ್ ಮೇಲೆ 80,000 ಡಾಲರ್ ಎಂದಿದೆ ಅಂತ ಅಷ್ಟಕ್ಕೂ ಬುಕ್ ಮಾಡಬೇಡಿ. ಮುಂಗಡದ 8,000 ಈಗಾಗಲೇ ಹೋಗಿದೆ. ಬಾಕಿ 72,000, ಒಪ್ಪಂದ ಆಗಬೇಕಾದದ್ದು ಅಷ್ಟಕ್ಕೆ ಮಾತ್ರ. ಹೆಚ್ಚು ಬುಕ್ ಮಾಡಿದರೆ ಉಳಿದ 8,000 ಡಾಲರನ್ನು ಕೊನೆಯಲ್ಲಿ ರದ್ದು ಮಾಡಬೇಕಾಗುತ್ತದೆ. ಆ ಹೊತ್ತಿಗೆ ಡಾಲರ್ ಇಳಿದಿದ್ದರೆ ವ್ಯತ್ಯಾಸ ನಿಮ್ಮ ಕೈಯಿಂದಲೇ ಹೋಗುತ್ತದೆ.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ‘90 ದಿನ’ ಎನ್ನುವುದು ಎಲ್ಲಿಂದ ಶುರು ಎಂದು ಪರ್ಚೇಸ್ ಆರ್ಡರಿನಲ್ಲಿ ನೋಡಿ. ಇನ್‌ವಾಯ್ಸ್ ದಿನಾಂಕವೋ, ಬಿಲ್ ಆಫ್ ಲೇಡಿಂಗ್ ದಿನಾಂಕವೋ, ಸರಕು ತಲುಪಿದ ದಿನವೋ? ಎರಡು ದಿನಾಂಕಗಳ ನಡುವೆ ಹದಿನೈದು ದಿನದ ಅಂತರ ಇರುವುದು ಮಾಮೂಲು.

ನಮ್ಮ ಉದಾಹರಣೆಯಲ್ಲಿ ಜೂನ್ 8ರಿಂದ 90 ದಿನ ಎಣಿಸಿದರೆ ಸೆಪ್ಟೆಂಬರ್ 6 ಬರುತ್ತದೆ. ಕ್ಯಾಲೆಂಡರ್ ತೆಗೆದು ನೋಡಿ, ಅದು ಭಾನುವಾರ. ಮರುದಿನ, ಸೆಪ್ಟೆಂಬರ್ 7ರ ಸೋಮವಾರ, ಅಮೆರಿಕದಲ್ಲಿ ಕಾರ್ಮಿಕ ದಿನದ ರಜೆ. ನಮ್ಮ ಬ್ಯಾಂಕ್ ತೆರೆದಿದ್ದರೂ ಡಾಲರ್ ಸೆಟಲ್ ಆಗುವುದು ಅಮೆರಿಕದ ಬ್ಯಾಂಕುಗಳ ಮೂಲಕ, ಆದ್ದರಿಂದ ಅವತ್ತು ಡಾಲರ್ ಕೈಸೇರುವುದಿಲ್ಲ. ಮಂಗಳವಾರ, ಸೆಪ್ಟೆಂಬರ್ 8, ಸರಿಯಾದ ದಿನ. ಎರಡು ದಿನ ತಡವಾಗುತ್ತದೆ ಎಂದು ಸಪ್ಲೈಯರ್‌ಗೆ ಈಗಲೇ ಮೇಲ್ ಹಾಕಿ ಒಪ್ಪಿಗೆ ತರಿಸಿಕೊಳ್ಳಿ. ಅವರು ಒಪ್ಪದಿದ್ದರೆ 6ನೇ ತಾರೀಕಿಗೂ ಹಿಂದಿನ ಕೆಲಸದ ದಿನಕ್ಕೆ ಬುಕ್ ಮಾಡಬೇಕು. ಸೆಪ್ಟೆಂಬರಿನಲ್ಲಿ ಇನ್ನೂ ಒಂದು ಎಚ್ಚರ ಬೇಕು: ಆ ವರ್ಷ ಗಣೇಶ ಚತುರ್ಥಿ 14ಕ್ಕೆ. ಬೆಳಗಾವಿಯಲ್ಲಿ ಆ ವಾರ ಯಾವ ಕೆಲಸವೂ ಸಲೀಸಾಗಿ ನಡೆಯುವುದಿಲ್ಲ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬ್ಯಾಂಕುಗಳು ಡಾಲರ್ ಕೊಂಡು ಮಾರುವ ಡೀಲಿಂಗ್ ರೂಮುಗಳಿರುವ ಮುಂಬೈಯಲ್ಲೂ ಕಥೆ ಬೇರೆಯಲ್ಲ.

ಸರಕು ಇನ್ನೂ ಹಡಗು ಹತ್ತಿಲ್ಲದಿದ್ದರೆ ಒಂದೇ ದಿನಾಂಕಕ್ಕೆ ಕಟ್ಟಿಹಾಕಿಕೊಳ್ಳಬೇಡಿ. ‘ಆಪ್ಷನ್ ಪೀರಿಯಡ್’ ಇರುವ ಫಾರ್ವರ್ಡ್ ಕೇಳಿ. ಉದಾಹರಣೆಗೆ ಸೆಪ್ಟೆಂಬರ್ 8ರಿಂದ 22ರ ನಡುವೆ ಯಾವ ಕೆಲಸದ ದಿನ ಬೇಕಾದರೂ ಡಾಲರ್ ಎತ್ತಬಹುದು. ಹೆಸರು ಆಪ್ಷನ್ ಎಂದಿದ್ದರೂ ಆಯ್ಕೆ ಇರುವುದು ದಿನದ ಬಗ್ಗೆ ಮಾತ್ರ. ಡಾಲರ್ ಎತ್ತುವುದೋ ಬಿಡುವುದೋ ಎಂಬ ಆಯ್ಕೆ ಇದರಲ್ಲಿಲ್ಲ. ಇದಕ್ಕೆ ಬೆಲೆಯೂ ಇದೆ: ಆಮದುದಾರನಿಂದ ಬ್ಯಾಂಕ್ ಅವಧಿಯ ಕೊನೆಯ ದಿನದವರೆಗಿನ ಪ್ರೀಮಿಯಂ, ಅಂದರೆ ಇವತ್ತಿನ ದರದ ಮೇಲೆ ಅವಧಿಗೆ ತಕ್ಕಂತೆ ಸೇರಿಸುವ ಮೊತ್ತ, ಹಿಡಿಯುತ್ತದೆ. ಮುಂದೆ ಕಾಣುವಂತೆ ಪ್ರೀಮಿಯಂ ದಿನಕ್ಕೆ ಸುಮಾರು ಅರ್ಧ ಪೈಸೆ ಆಗುತ್ತದೆ. ಹದಿನಾಲ್ಕು ದಿನಕ್ಕೆ 7 ಪೈಸೆ, 72,000 ಡಾಲರಿಗೆ 5,040 ರೂಪಾಯಿ. ಹಡಗಿನ ತಾರೀಕು ನಿಜಕ್ಕೂ ಅನುಮಾನವಿದ್ದರೆ ಈ ಖರ್ಚು ದೊಡ್ಡದಲ್ಲ. ಬಿಲ್ ಆಫ್ ಲೇಡಿಂಗ್ ಕೈಯಲ್ಲಿದ್ದರೆ ಅದು ವ್ಯರ್ಥ ಖರ್ಚು.

## ಹಂತ 2: ದರ ಕೇಳುವ ಮೊದಲೇ ಲಿಮಿಟ್ ಮತ್ತು ಕಾಗದ

ಡಾಲರ್ ಏರತೊಡಗಿದ ದಿನ ಬ್ಯಾಂಕಿಗೆ ಓಡಿದರೆ ಅವತ್ತು ಬುಕ್ ಆಗುವುದಿಲ್ಲ. ಫಾರ್ವರ್ಡ್ ಬ್ಯಾಂಕಿನ ಪಾಲಿಗೆ ಸಾಲದಂಥದ್ದೇ ಒಂದು ಹೊಣೆ. ನೀವು ಕೈಎತ್ತಿದರೆ ನಷ್ಟ ಅವರದು. ಅದಕ್ಕಾಗಿ ಕ್ಯಾಶ್ ಕ್ರೆಡಿಟ್ ಲಿಮಿಟ್ ಜೊತೆಗೆ ಪ್ರತ್ಯೇಕ ಫಾರ್ವರ್ಡ್ ಲಿಮಿಟ್ ಮಂಜೂರು ಮಾಡುತ್ತಾರೆ. ಇಲ್ಲವಾದರೆ ಮೊತ್ತದ ಒಂದು ಪಾಲಿಗೆ ಠೇವಣಿಯನ್ನು ಲಿಯನ್, ಅಂದರೆ ಅಡವಾಗಿ, ಹಿಡಿಯುತ್ತಾರೆ. ಮಂಜೂರಾತಿಗೆ ವಾರಗಳು ಹಿಡಿಯಬಹುದು. ಆರ್ಡರ್ ಮಾತುಕತೆ ನಡೆಯುತ್ತಿರುವಾಗಲೇ ಅರ್ಜಿ ಕೊಡಿ.

ಕಾಗದಗಳು ಹೆಚ್ಚಿಲ್ಲ: ಆಮದು ರಫ್ತಿಗೆ ಬೇಕಾದ ಐಇಸಿ ನಂಬರ್, ಪರ್ಚೇಸ್ ಆರ್ಡರ್ ಅಥವಾ ಪ್ರೊಫಾರ್ಮಾ ಇನ್‌ವಾಯ್ಸ್, ಮುಂಗಡ ಕಳಿಸಿದ ದಾಖಲೆ, ಬ್ಯಾಂಕಿನ ಡೆರಿವೇಟಿವ್ ಕರಾರು, ಯಾರು ಡೀಲ್ ಮಾಡಬಹುದು ಎಂದು ಹೆಸರಿಸಿದ ನಿರ್ಣಯ ಪತ್ರ. ಇದರ ಜೊತೆ ಕಂಪನಿಯನ್ನು ಗುರುತಿಸುವ ಇಪ್ಪತ್ತು ಅಕ್ಷರದ ಎಲ್‌ಇಐ ನಂಬರ್. ಎಲ್‌ಇಐ ಪ್ರತಿ ವರ್ಷ ನವೀಕರಿಸಬೇಕು. ಅವಧಿ ಮುಗಿದ ನಂಬರನ್ನು ಬ್ಯಾಂಕಿನ ಸಿಸ್ಟಮ್ ಒಪ್ಪದೆ ಡೀಲ್ ನಿಂತುಹೋಗುವುದುಂಟು.

ಬೇರೆಲ್ಲಕ್ಕಿಂತ ಮುಖ್ಯವಾದದ್ದು, ಸಪ್ಲೈಯರ್ ದಾಖಲೆಗಳನ್ನು ಯಾವ ಬ್ಯಾಂಕಿಗೆ ಕಳಿಸುತ್ತಾನೋ ಅದೇ ಬ್ಯಾಂಕಿನಲ್ಲಿ ಬುಕ್ ಮಾಡಿ. ಒಂದು ಬ್ಯಾಂಕಿನಲ್ಲಿ ಹತ್ತು ಪೈಸೆ ಕಡಿಮೆ ಎಂದು ಅಲ್ಲಿ ಬುಕ್ ಮಾಡಿ, ಬಿಲ್ ಬಂದದ್ದು ಇನ್ನೊಂದಕ್ಕೆ ಎಂದಾದರೆ ಪಾವತಿಯ ವಾರ ಪೂರ್ತಿ ಪತ್ರ ವ್ಯವಹಾರದಲ್ಲೇ ಕಳೆಯುತ್ತದೆ.

## ಹಂತ 3: ದರವನ್ನು ಬಿಡಿಸಿ ಕೇಳಿ

ಬ್ಯಾಂಕಿನವರು ‘90.55’ ಎಂದು ಒಂದೇ ಅಂಕಿ ಹೇಳುತ್ತಾರೆ. ಅದರೊಳಗೆ ಮೂರು ಭಾಗ ಇರುತ್ತದೆ: ಇವತ್ತಿನ ಸ್ಪಾಟ್ ದರ, ಮೂರು ತಿಂಗಳ ಪ್ರೀಮಿಯಂ, ಬ್ಯಾಂಕಿನ ಮಾರ್ಜಿನ್. ಮೊದಲ ಎರಡನ್ನು ಮಾರುಕಟ್ಟೆ ಕಟ್ಟುತ್ತದೆ. ಚೌಕಾಶಿಗೆ ಸಿಗುವುದು ಮೂರನೆಯದು ಮಾತ್ರ.

ಮೂರು ತಿಂಗಳ ನಂತರ ಡಾಲರ್ ಎಷ್ಟಾಗುತ್ತದೆ ಎಂದು ಬ್ಯಾಂಕ್ ಅಂದಾಜು ಮಾಡಿ ಪ್ರೀಮಿಯಂ ಹಾಕುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹಾಗಲ್ಲ, ಪ್ರೀಮಿಯಂ ಮುಖ್ಯವಾಗಿ ಎರಡು ದೇಶಗಳ ಬಡ್ಡಿಯ ವ್ಯತ್ಯಾಸ. ನಿಮಗೆ ಮೂರು ತಿಂಗಳಿಗೆ ಡಾಲರ್ ಕೊಡುವುದಾಗಿ ಒಪ್ಪಿದ ಬ್ಯಾಂಕ್ ಇವತ್ತೇ ರೂಪಾಯಿ ಹಾಕಿ ಡಾಲರ್ ಕೊಂಡಿಟ್ಟುಕೊಂಡಿತು ಎಂದುಕೊಳ್ಳಿ. ಆ ರೂಪಾಯಿಗೆ ಸಿಗಬೇಕಾದ ಬಡ್ಡಿ ತಪ್ಪಿತು, ಡಾಲರಿಗೆ ಅದಕ್ಕಿಂತ ಕಡಿಮೆ ಬಡ್ಡಿ ಸಿಕ್ಕಿತು. ಆ ಕೊರತೆಯನ್ನು ನಿಮ್ಮಿಂದ ತುಂಬಿಸಿಕೊಳ್ಳುತ್ತದೆ. ರೂಪಾಯಿ ಬಡ್ಡಿ ವರ್ಷಕ್ಕೆ ಶೇ 6, ಡಾಲರ್ ಬಡ್ಡಿ ಶೇ 4 ಎಂದಿಟ್ಟರೆ ಮೂರು ತಿಂಗಳಿಗೆ:

```
90.00 × (1 + 0.06 × 0.25) ÷ (1 + 0.04 × 0.25)
= 90.00 × 1.015 ÷ 1.010
= 90.45
```

ಅಂದರೆ ಪ್ರೀಮಿಯಂ 45 ಪೈಸೆ. ಬ್ಯಾಂಕ್ 90.55 ಎಂದಿದ್ದರೆ ಮಾರ್ಜಿನ್ 10 ಪೈಸೆ, 72,000 ಡಾಲರಿಗೆ 7,200 ರೂಪಾಯಿ. ಮಾರುಕಟ್ಟೆಯ ನಿಜವಾದ ಪ್ರೀಮಿಯಂ ಈ ಲೆಕ್ಕಕ್ಕೆ ಪೈಸೆ ಪೈಸೆ ಹೊಂದುವುದಿಲ್ಲ. ಡಾಲರಿಗೆ ಬೇಡಿಕೆ ಹೆಚ್ಚಿದಾಗ, ರಿಸರ್ವ್ ಬ್ಯಾಂಕ್ ಮಾರುಕಟ್ಟೆಗೆ ಇಳಿದಾಗ ಅದು ಆಚೀಚೆ ಆಗುತ್ತದೆ. ಆದರೂ ಬ್ಯಾಂಕ್ ಹೇಳಿದ ಪ್ರೀಮಿಯಂ ನಿಮ್ಮ ಲೆಕ್ಕದ ಎರಡು ಪಟ್ಟಿದ್ದರೆ ಕಾರಣ ಕೇಳಬೇಕು. ಮಾರ್ಜಿನ್ನಿನ ಒಂದಿಷ್ಟು ಭಾಗ ಅದರೊಳಗೆ ಸೇರಿಕೊಂಡಿರಬಹುದು.

ಶಾಖೆಗೆ ಫೋನ್ ಮಾಡಿದಾಗ ಇಷ್ಟು ಕೇಳಿದರೆ ಸಾಕು: “ಸರ್ರ, ಸ್ಪಾಟ್ ಎಷ್ಟ್, ಪ್ರೀಮಿಯಂ ಎಷ್ಟ್, ನಿಮ್ಮ ಮಾರ್ಜಿನ್ ಎಷ್ಟ್, ಮೂರೂ ಬ್ಯಾರೆ ಬ್ಯಾರೆ ಹೇಳ್ರಿ.” ರಿಟೇಲ್ ಗ್ರಾಹಕರಿಗೆ ಡೀಲಿಗೆ ಮೊದಲೇ ಮಾರುಕಟ್ಟೆಯ ಮಧ್ಯದರವನ್ನು, ಅಂದರೆ ಮಿಡ್ ಮಾರ್ಕೆಟ್ ಮಾರ್ಕ್ ಅನ್ನು, ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹೇಳಲು ಹಿಂಜರಿದರೆ ಅದನ್ನು ನೆನಪಿಸಿ. ‘ಒಟ್ಟು ದರ ಇಷ್ಟೇ, ಬಿಡಿಸಿ ಹೇಳಕ್ಕಾಗಲ್ಲ’ ಎನ್ನುವ ಉತ್ತರ ಬಂದರೆ ಮಾರ್ಜಿನ್ ದೊಡ್ಡದಿದೆ ಎಂದೇ ತಿಳಿಯಿರಿ.

ಈಗ ಪೂರ್ತಿ ಚಿತ್ರ ನೋಡೋಣ. 90.55ರಂತೆ 72,000 ಡಾಲರಿಗೆ 65,19,600 ರೂಪಾಯಿ. ಇವತ್ತಿನ ಸ್ಪಾಟ್ ದರದಲ್ಲಿ ಆಗುತ್ತಿದ್ದುದು 64,80,000. ವ್ಯತ್ಯಾಸ 39,600 ರೂಪಾಯಿ, ಮೂರು ತಿಂಗಳ ನಿಶ್ಚಿಂತೆಗೆ ನೀವು ಕೊಡುವುದು ಇಷ್ಟು. ಸೆಪ್ಟೆಂಬರಿನಲ್ಲಿ ಡಾಲರ್ 93 ಆದರೆ, ಬುಕ್ ಮಾಡದವರು 66,96,000 ಕೊಡುತ್ತಾರೆ, ನಿಮಗೆ 1,76,400 ಉಳಿತಾಯ. 88.50ಕ್ಕೆ ಇಳಿದರೆ ಅವರಿಗೆ 63,72,000 ಸಾಕು, ನೀವು 1,47,600 ಹೆಚ್ಚು ಕೊಟ್ಟಂತೆ. ಈ ಎರಡನೆಯ ಸಂದರ್ಭವನ್ನು ನಷ್ಟ ಎಂದು ಕರೆಯುವವರು ಫಾರ್ವರ್ಡ್ ಬುಕ್ ಮಾಡದಿರುವುದೇ ಮೇಲು. ಮಷಿನ್ನಿನ ಬಾಕಿ 65.2 ಲಕ್ಷ ಎಂದು ಲೆಕ್ಕ ಹಾಕಿ ಟರ್ಮ್ ಲೋನ್ ತೆಗೆದವರಿಗೆ ಬೇಕಾದದ್ದು ಆ ಅಂಕಿ ಅಲುಗಾಡದಿರುವುದು.

## ಹಂತ 4: ಬುಕ್ ಮಾಡುವ ಹೊತ್ತು

ಬೆಳಗಾವಿಯ ಶಾಖೆಯಲ್ಲಿ ಡೀಲಿಂಗ್ ರೂಮ್ ಇರುವುದಿಲ್ಲ. ಅವರು ತಮ್ಮ ಬ್ಯಾಂಕಿನ ಟ್ರೆಶರಿಗೆ ಫೋನ್ ಹಚ್ಚಿ ದರ ತರುತ್ತಾರೆ. ಬ್ಯಾಂಕುಗಳ ನಡುವಿನ ಡಾಲರ್ ಮಾರುಕಟ್ಟೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ. ತೆರೆದ ಕೂಡಲೇ ಮತ್ತು ಮುಚ್ಚುವ ಹೊತ್ತಿಗೆ ದರದ ಅಂತರ ಹಿಗ್ಗುವುದರಿಂದ ಹತ್ತೂವರೆಯಿಂದ ಎರಡರೊಳಗೆ ಮಾಡಿದರೆ ಒಳ್ಳೆಯದು. ಹೇಳಿದ ದರ ಕೆಲವೇ ಸೆಕೆಂಡ್ ನಿಲ್ಲುತ್ತದೆ. ‘ಸಾಹುಕಾರ್‍ನ ಕೇಳಿ ಹೇಳ್ತೀನಿ’ ಎಂದು ಫೋನ್ ಇಟ್ಟರೆ ಆ ದರ ಹೋಯಿತು. ಎಷ್ಟರವರೆಗೆ ಒಪ್ಪಬಹುದು ಎಂದು ಮೊದಲೇ ತೀರ್ಮಾನಿಸಿ, ನಿರ್ಣಯ ಪತ್ರದಲ್ಲಿ ಹೆಸರಿರುವವರೇ ಮಾತನಾಡಬೇಕು.

ಡೀಲ್ ಆದ ಮೇಲೆ ಬರುವ ಕಾಂಟ್ರ್ಯಾಕ್ಟ್ ನೋಟನ್ನು ಅವತ್ತೇ ಓದಿ. ನೋಡಬೇಕಾದದ್ದು ಐದು: ನೀವು ಡಾಲರ್ *ಕೊಳ್ಳುವವರು* ಎಂದಿದೆಯೇ, ಮೊತ್ತ 72,000 ಇದೆಯೇ, ದರ 90.55 ಇದೆಯೇ, ದಿನಾಂಕ ಸೆಪ್ಟೆಂಬರ್ 8 ಇದೆಯೇ, ಒಪ್ಪಂದದ ನಂಬರ್ ಯಾವುದು. ಕೊಳ್ಳುವುದು ಮತ್ತು ಮಾರುವುದು ಅದಲು ಬದಲಾಗಿ ನಮೂದಾಗುವುದು ಅಪರೂಪವೇನಲ್ಲ, ಅದರಲ್ಲೂ ರಫ್ತನ್ನೂ ಮಾಡುವ ಕಂಪನಿಗಳಿಗೆ. ತಪ್ಪು ಅದೇ ದಿನ ಸಿಕ್ಕಿದರೆ ಸರಿಪಡಿಸಬಹುದು. ತಿಂಗಳಾದ ಮೇಲೆ ಸಿಕ್ಕಿದರೆ ಆ ನಷ್ಟ ಯಾರದ್ದು ಎಂಬ ಜಗಳ ಶುರುವಾಗುತ್ತದೆ.

## ಹಂತ 5: ನಡುವಿನ ಮೂರು ತಿಂಗಳು

ಮಷಿನ್ ಬಂದರಿಗೆ ಬಂದಾಗ ಹಲವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ರೂಪಾಯಿ ಮೌಲ್ಯ 90.55ರಂತೆ ಇರುವುದಿಲ್ಲ. ಕಸ್ಟಮ್ಸ್ ತನ್ನದೇ ವಿನಿಮಯ ದರವನ್ನು ಪ್ರಕಟಿಸುತ್ತದೆ, ಸುಂಕ ಮತ್ತು ಐಜಿಎಸ್‌ಟಿ ಎರಡೂ ಆ ದರದ ಮೇಲೆ. ನಿಮ್ಮ ಫಾರ್ವರ್ಡ್ ಸಪ್ಲೈಯರ್‌ಗೆ ಹೋಗುವ ಹಣವನ್ನು ಮಾತ್ರ ಕಟ್ಟಿಹಾಕಿದೆ. ಜುಲೈಯಲ್ಲಿ ಡಾಲರ್ ಏರಿದರೆ ಸುಂಕವೂ ಏರುತ್ತದೆ. ಅರ್ಹರಿಗೆ ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಕ್ಕೀತು, ಆದರೆ ಕ್ಲಿಯರೆನ್ಸ್ ದಿನ ಕೈಯಿಂದ ಹೋಗುವ ನಗದು ಹೆಚ್ಚಿರುತ್ತದೆ. ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟ್‌ಗೆ, ಅಂದರೆ ಸಿಎಚ್‌ಎಗೆ, ಹಣ ಕಳಿಸುವ ಅಂದಾಜಿನಲ್ಲಿ ಇದಕ್ಕೆ ಸ್ವಲ್ಪ ಜಾಗ ಬಿಟ್ಟಿರಿ.

ಈ ಅವಧಿಯಲ್ಲಿ ರೂಪಾಯಿ ಬಹಳ ಬಲಗೊಂಡರೆ ಬ್ಯಾಂಕಿನಿಂದ ಹೆಚ್ಚುವರಿ ಠೇವಣಿ ಕೇಳಿ ಮೇಲ್ ಬರಬಹುದು. ನಿಮ್ಮ ಒಪ್ಪಂದ ಮಾರುಕಟ್ಟೆಗಿಂತ ದುಬಾರಿಯಾಗಿ ನಿಂತಿದೆ, ನೀವು ಬಿಟ್ಟುಹೋದರೆ ನಷ್ಟ ತಮಗೆ ಎಂಬ ಲೆಕ್ಕ ಅವರದು. ಈ ಮೇಲ್ ನೋಡಿ ಗಾಬರಿಯಿಂದ ಒಪ್ಪಂದ ರದ್ದು ಮಾಡುವುದು ಈ ಹಂತದ ದೊಡ್ಡ ತಪ್ಪು. ರದ್ದು ಮಾಡಿದ ಕ್ಷಣ ನಷ್ಟ ನಿಜವಾಗುತ್ತದೆ, ಮುಂದೆ ಡಾಲರ್ ಏರಿದರೆ ರಕ್ಷಣೆಯೂ ಇರುವುದಿಲ್ಲ.

## ಹಂತ 6: ಪಾವತಿಯ ದಿನ

ಪಾವತಿಗೆ ಎರಡು ಕೆಲಸದ ದಿನ ಮೊದಲೇ ಅರ್ಜಿ ಕೊಡಿ. ಅದರಲ್ಲಿ ಒಪ್ಪಂದದ ನಂಬರ್ ಬರೆದು ‘ಈ ಫಾರ್ವರ್ಡ್ ಬಳಸಿ ಪಾವತಿಸಿ’ ಎಂದು ಸ್ಪಷ್ಟವಾಗಿ ಹೇಳಿ. ಈ ಒಂದು ಸಾಲು ಬಿಟ್ಟುಹೋದರೆ ಶಾಖೆಯವರು ಅವತ್ತಿನ ಕಾರ್ಡ್ ದರದಲ್ಲಿ, ಅಂದರೆ ಬ್ಯಾಂಕ್ ಎಲ್ಲ ಗ್ರಾಹಕರಿಗೂ ಪ್ರಕಟಿಸುವ ದರದಲ್ಲಿ, ಹಣ ಕಳಿಸಿಬಿಡುತ್ತಾರೆ. ಒಪ್ಪಂದ ಹಾಗೇ ಉಳಿದು, ಬಳಸದ ಒಪ್ಪಂದವೆಂದು ರದ್ದಾಗುತ್ತದೆ. ಕಾರ್ಡ್ ದರ ಮಾರುಕಟ್ಟೆ ದರಕ್ಕಿಂತ ಸಾಮಾನ್ಯವಾಗಿ ದುಬಾರಿ, ಅದರ ಮೇಲೆ ರದ್ದತಿಯ ಲೆಕ್ಕ ಬೇರೆ.

ಬಿಲ್ ಆಫ್ ಎಂಟ್ರಿಯ ವಿವರ ಜೊತೆಗಿರಲಿ. ಪಾವತಿಯನ್ನು ಐಡಿಪಿಎಂಎಸ್‌ನಲ್ಲಿ, ಅಂದರೆ ಆಮದು ಪಾವತಿಗಳ ಮೇಲೆ ನಿಗಾ ಇಡುವ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ, ಅದಕ್ಕೇ ಹೊಂದಿಸುತ್ತಾರೆ. ಮುಂಗಡದ 8,000 ಕೂಡ ಅದೇ ಬಿಲ್ ಆಫ್ ಎಂಟ್ರಿಗೆ ಹೊಂದಿಕೆಯಾಗಿದೆಯೇ ಎಂದು ಈಗಲೇ ಕೇಳಿ. ಡೆಬಿಟ್ ಅಡ್ವೈಸ್ ಬಂದ ಕೂಡಲೇ ದರ 90.55 ಇದೆಯೇ ನೋಡಿ. ಬೇರೆ ಅಂಕಿ ಕಂಡರೆ ಅವತ್ತೇ ಮೇಲ್ ಹಾಕಿ.

## ಹಂತ 7: ಪಾವತಿ ಮುಂದೆ ಹೋದರೆ, ಆರ್ಡರ್ ಬಿದ್ದುಹೋದರೆ

ಮಷಿನ್ ಬಂದಿದೆ, ಸಪ್ಲೈಯರಿನ ಇಂಜಿನಿಯರ್ ಬಂದು ಚಾಲೂ ಮಾಡಿಕೊಟ್ಟಿಲ್ಲ, ಪಾವತಿ ಒಂದು ತಿಂಗಳು ಮುಂದಕ್ಕೆ ಎಂದು ಇಬ್ಬರೂ ಒಪ್ಪಿದ್ದೀರಿ. ಒಪ್ಪಂದವನ್ನು ಹಳೆಯ ದರಕ್ಕೇ ಮುಂದಕ್ಕೆ ಎಳೆಯಲು ನಿಯಮದಲ್ಲಿ ಅವಕಾಶ ಇಲ್ಲ. ಹಳೆಯದನ್ನು ಅವತ್ತಿನ ದರದಲ್ಲಿ ರದ್ದು ಮಾಡಿ, ಹೊಸದನ್ನು ಅವತ್ತಿನ ದರದಲ್ಲೇ ಬುಕ್ ಮಾಡಬೇಕು. ರೋಲ್ ಓವರ್ ಎನ್ನುವುದು ಇದನ್ನೇ. ಇದರಲ್ಲಿ ಅನೇಕರು ಎಡವುವುದು ನಗದಿನ ವಿಷಯದಲ್ಲಿ.

ಸೆಪ್ಟೆಂಬರ್ 8ಕ್ಕೆ ಡಾಲರ್ 88.50ಕ್ಕೆ ಇಳಿದಿದೆ ಎನ್ನೋಣ. ಹಳೆಯ ಒಪ್ಪಂದ 90.55ಕ್ಕೆ ಕೊಂಡದ್ದು, ರದ್ದಾಗುವಾಗ 88.50ಕ್ಕೆ ಮಾರಿದಂತೆ. ವ್ಯತ್ಯಾಸ 2.05, 72,000 ಡಾಲರಿಗೆ 1,47,600 ರೂಪಾಯಿ. ಇದನ್ನು ಬ್ಯಾಂಕ್ ನಿಮ್ಮ ಖಾತೆಯಿಂದ ಆಗಲೇ ಕಡಿಯುತ್ತದೆ. ಹೊಸ ಒಪ್ಪಂದ: 88.50ಕ್ಕೆ ಒಂದು ತಿಂಗಳ ಪ್ರೀಮಿಯಂ 15 ಪೈಸೆ, ಮಾರ್ಜಿನ್ 10 ಪೈಸೆ ಸೇರಿ 88.75. ಕೊನೆಗೆ ನಿಮಗೆ ಬೀಳುವ ದರ 88.75 ಮತ್ತು 2.05 ಸೇರಿ 90.80. ಅಂದರೆ ಒಂದು ತಿಂಗಳು ಮುಂದೂಡಿದ್ದಕ್ಕೆ ನಿಜವಾದ ಖರ್ಚು 25 ಪೈಸೆ, 18,000 ರೂಪಾಯಿ. ಆದರೆ ಸೆಪ್ಟೆಂಬರ್ 8ಕ್ಕೆ ಖಾತೆಯಲ್ಲಿ ಒಂದೂವರೆ ಲಕ್ಷ ಇಲ್ಲದಿದ್ದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಡಾಲರ್ ಏರಿದ್ದರೆ ಇದೇ ವ್ಯತ್ಯಾಸ ನಿಮ್ಮ ಖಾತೆಗೆ ಜಮೆ ಆಗುತ್ತದೆ. ಆ ಹಣವನ್ನು ಲಾಭ ಎಂದು ಖರ್ಚು ಮಾಡಬೇಡಿ, ಹೊಸ ಒಪ್ಪಂದದ ದುಬಾರಿ ದರಕ್ಕೆ ಅದು ಬೇಕಾಗುತ್ತದೆ.

ಆರ್ಡರ್ ನಡುವೆಯೇ ಬಿದ್ದುಹೋದರೆ ಕೊನೆಯ ದಿನದವರೆಗೆ ಕಾಯುವುದು ಜೂಜು. ಖರೀದಿಯೇ ಇಲ್ಲದ ಮೇಲೆ ಒಪ್ಪಂದ ರಕ್ಷಣೆಯಾಗಿ ಉಳಿಯುವುದಿಲ್ಲ. ಬ್ಯಾಂಕಿಗೆ ಬರೆದು ಬೇಗ ರದ್ದು ಮಾಡಿ. ಸೆಪ್ಟೆಂಬರ್ 8ರ ಡಾಲರನ್ನು ಬ್ಯಾಂಕ್ ಅವತ್ತು 89.80ಕ್ಕೆ ಕೊಳ್ಳುವುದಾದರೆ 75 ಪೈಸೆಯಂತೆ 54,000 ರೂಪಾಯಿ ಕಟ್ಟಿ ಮುಗಿಸಬಹುದು. 91.40 ಇದ್ದರೆ 61,200 ನಿಮಗೇ ಬರುತ್ತದೆ.

ಸುಮ್ಮನೆ ಬಿಟ್ಟರೆ ಮಾತ್ರ ಎರಡೂ ಕಡೆ ಪೆಟ್ಟು. ಗ್ರಾಹಕನಿಂದ ಸೂಚನೆ ಬರದ ಒಪ್ಪಂದವನ್ನು ಗಡುವು ದಾಟಿದ ಕೆಲವೇ ಕೆಲಸದ ದಿನಗಳಲ್ಲಿ ಬ್ಯಾಂಕ್ ತಾನಾಗಿ ರದ್ದು ಮಾಡುತ್ತದೆ. ಹಾಗಾದಾಗ ನಷ್ಟ ಬಂದರೆ ವಸೂಲಿ ಮಾಡುತ್ತದೆ, ಲಾಭ ಬಂದರೆ ಕೊಡುವುದಿಲ್ಲ. ಸೆಪ್ಟೆಂಬರ್ 1ಕ್ಕೇ ಫೋನಿನಲ್ಲಿ ರಿಮೈಂಡರ್ ಹಾಕಿಡಿ, ಜೊತೆಗೆ ಒಪ್ಪಂದದ ನಂಬರನ್ನೂ ಬರೆದಿಡಿ.